ಸಿಸಿ ದುಡ್ಡಿನಲ್ಲಿ ಮೆಷಿನ್ ತೆಗೆದುಕೊಂಡದ್ದಾ? ಫಂಡ್ ಫ್ಲೋ ಒಂದು ಹೇಳುತ್ತದೆ, ಕ್ಯಾಶ್ ಫ್ಲೋ ಇನ್ನೊಂದು

ಕಾರ್ಕಳ_ಲೆಕ್ಕ · ಜೂನ್ 14, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಗೇರುಬೀಜ ಕಾರ್ಖಾನೆಯ ಲೆಕ್ಕ. ಪಾಲುದಾರಿಕೆ ಸಂಸ್ಥೆ, ಕಂಪನಿ ಅಲ್ಲ. ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಸಾಲದ ನವೀಕರಣಕ್ಕೆ ಬ್ಯಾಂಕಿನವರು ತಮ್ಮ ಸಾಲದ ನಮೂನೆಗಳಾದ ಸಿಎಂಎ ಡಾಟಾ ಕೇಳಿದ್ದಾರೆ, ಅದರಲ್ಲಿ ಫಂಡ್ ಫ್ಲೋ ಉಂಟು. ಜೊತೆಗೆ ಕ್ಯಾಶ್ ಫ್ಲೋ ಕೂಡ ಕೊಡಿ ಅಂದಿದ್ದಾರೆ. ನನ್ನ ಫಂಡ್ ಫ್ಲೋ ತಾಳೆ ಆಗ್ತಾ ಇಲ್ಲ. ಎಲ್ಲ ಅಂಕಿ ಲಕ್ಷ ರೂಪಾಯಿಯಲ್ಲಿ, ಮೊದಲನೆಯದು 31-3-2024ರದ್ದು, ಎರಡನೆಯದು 31-3-2025ರದ್ದು.

ಬಂಡವಾಳ 80, 89
ಟರ್ಮ್ ಲೋನ್ 40, 52
ಸಿಸಿ 60, 88
ಬೀಜ ಕೊಟ್ಟವರಿಗೆ ಬಾಕಿ 25, 31
ಕೊಡಬೇಕಾದ ಖರ್ಚು 5, 4
ಒಟ್ಟು 210, 264

ಕಟ್ಟಡ, ಮೆಷಿನರಿ (ಸವಕಳಿ ಕಳೆದು) 90, 112
ದಾಸ್ತಾನು 70, 98
ಗಿರಾಕಿಗಳಿಂದ ಬರಬೇಕಾದ್ದು 38, 49
ನಗದು ಮತ್ತು ಕರೆಂಟ್ ಖಾತೆ 12, 5
ಒಟ್ಟು 210, 264

ವರ್ಷದ ಲಾಭ 21, ಪಾಲುದಾರರ ಡ್ರಾಯಿಂಗ್ಸ್ 12, ಸವಕಳಿ 11. ಹೊಸ ಟರ್ಮ್ ಲೋನ್ 25 ಬಂತು, ಹಳೆಯದರಲ್ಲಿ 13 ಕಟ್ಟಿದೆವು. ಹಳೆ ಬಾಯ್ಲರ್ ಒಂದನ್ನು 3ಕ್ಕೆ ಮಾರಿದ್ದೇವೆ.

ನಾನು ಹಾಕಿದ್ದು ಹೀಗೆ. ಮೂಲಗಳು: ಲಾಭ 21, ಸವಕಳಿ 11, ಬಾಯ್ಲರ್ 3, ಸಾಲ 25, ಒಟ್ಟು 60. ವಿನಿಯೋಗ: ಮೆಷಿನ್ 33 (90ರಿಂದ 112ಕ್ಕೆ 22, ಅದಕ್ಕೆ ಸವಕಳಿ 11 ಸೇರಿಸಿ), ಡ್ರಾಯಿಂಗ್ಸ್ 12, ಕಂತು 13, ಒಟ್ಟು 58. ಅಂದರೆ ದುಡಿಯುವ ಬಂಡವಾಳ 2 ಹೆಚ್ಚಬೇಕು. ಆದರೆ ಪಟ್ಟಿ ಮಾಡಿ ನೋಡಿದರೆ 30 ಇದ್ದದ್ದು 29 ಆಗಿದೆ. 3 ಲಕ್ಷ ವ್ಯತ್ಯಾಸ ಎಲ್ಲಿಂದ ಬಂತು?

ಹಂಪನಕಟ್ಟೆ_ಟ್ಯಾಕ್ಸ್ · 9:05

ವ್ಯತ್ಯಾಸ ಸರಿಯಾಗಿ 3, ಬಾಯ್ಲರ್ ಮಾರಿದ್ದೂ 3. ಉತ್ತರ ಅಲ್ಲೇ ಉಂಟಲ್ಲ. 33 ಅನ್ನುವುದು ನಿವ್ವಳ ಲೆಕ್ಕ, ಬಾಯ್ಲರ್ ಹೋದದ್ದು ಅದರಲ್ಲಿ ಆಗಲೇ ಕಳೆದುಹೋಗಿದೆ. ಅದನ್ನು ಮತ್ತೆ ಮೂಲದಲ್ಲಿ ತೋರಿಸಬೇಡಿ. ತೆಗೆದರೆ 57 ಮತ್ತು 58, ಒಂದು ಕಡಿಮೆ, ತಾಳೆ ಆಯ್ತು.

ಇನ್ನೊಂದು ಮಾತು. ಫಂಡ್ ಫ್ಲೋ ಹಳೆ ಕಾಲದ್ದು. ಈಗ ಕಾನೂನು ಕೇಳುವುದು ಕ್ಯಾಶ್ ಫ್ಲೋ ಮಾತ್ರ. ಅದನ್ನು ಸರಿಯಾಗಿ ಮಾಡಿ ಕೊಡಿ, ಸಾಕು.

ಕೊಡಿಯಾಲಬೈಲ್_ಆಡಿಟ್ · 10:20

ತಾಳೆ ಆಗುತ್ತದೆ, ಆದರೆ ಸರಿಯಾಗುವುದಿಲ್ಲ. ಕಾರ್ಕಳದವರೇ, ದಯವಿಟ್ಟು ಆ 3ನ್ನು ತೆಗೆಯಬೇಡಿ.

ಮೊದಲು ಮೆಷಿನರಿ ಖಾತೆಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಆರಂಭದಲ್ಲಿ 90. ಅದರಿಂದ ಸವಕಳಿ 11 ಹೋಯಿತು. ಮಾರಿದ ಬಾಯ್ಲರ್‌ನ ಪುಸ್ತಕದ ಬೆಲೆ ಎಷ್ಟು ಎಂದು ನೀವು ಹೇಳಿಲ್ಲ. ನಿಮ್ಮ ವ್ಯತ್ಯಾಸ ನೋಡಿ ಅದನ್ನು ಹೇಳಲಾಗುವುದಿಲ್ಲ, ಮಾರಾಟದಲ್ಲಿ ನಷ್ಟವೋ ಲಾಭವೋ ಆಗಿರಬಹುದು. ಆಸ್ತಿ ರಿಜಿಸ್ಟರ್ ತೆಗೆದು ನೋಡಿ. ಉದಾಹರಣೆಗೆ 4 ಇತ್ತು ಎಂದುಕೊಳ್ಳೋಣ. 90ರಿಂದ 11 ಮತ್ತು 4 ಕಳೆದರೆ 75. ಕೊನೆಗೆ 112 ಇದೆ. ಹಾಗಾದರೆ ಖರೀದಿ 37, ನಿಮ್ಮ 33 ಅಲ್ಲ. 4ಕ್ಕೆ ಇದ್ದದ್ದನ್ನು 3ಕ್ಕೆ ಮಾರಿದರೆ 1 ನಷ್ಟ. ಆ ನಷ್ಟ ಲಾಭ-ನಷ್ಟ ಖಾತೆಯಲ್ಲಿ ಕಳೆದು 21 ಬಂದಿದೆ. ಅದರಿಂದ ದುಡ್ಡು ಹೊರಗೆ ಹೋಗಿಲ್ಲ, ಹಾಗಾಗಿ ಸವಕಳಿಯಂತೆ ಅದನ್ನೂ ಲಾಭಕ್ಕೆ ವಾಪಸ್ ಕೂಡಿಸಬೇಕು.

ಆಗ ವ್ಯವಹಾರದಿಂದ ಬಂದ ನಿಧಿ 21 + 11 + 1 = 33. ಮೂಲಗಳು 33 + 3 + 25 = 61. ವಿನಿಯೋಗ 37 + 12 + 13 = 62. ಒಂದು ಕಡಿಮೆ.

ಹಂಪನಕಟ್ಟೆಯವರ ದಾರಿಯಲ್ಲಿಯೂ ಒಂದೇ ಕಡಿಮೆ ಬಂತು. ಯಾಕೆಂದರೆ ಖರೀದಿಯಲ್ಲಿ ಬಿಟ್ಟುಹೋದ 4 ಮತ್ತು ಮೂಲದಲ್ಲಿ ಬಿಟ್ಟ 3 + 1, ಎರಡೂ ಸಮಸಮ. ಕ್ಯಾಶ್ ಫ್ಲೋನಲ್ಲಿಯೂ ಇದೇ ತಪ್ಪು ಇದೇ ರೀತಿ ಅಡಗುತ್ತದೆ, ಅಲ್ಲಿಯೂ ಕೊನೆಯ ಅಂಕಿ ಸರಿ ಬರುತ್ತದೆ. ಹೊರಗೆ ಬೀಳುವುದು ಬ್ಯಾಂಕಿನವರು ಮೆಷಿನ್‌ನ ಬಿಲ್ಲುಗಳನ್ನು ಕೂಡಿಸಿ 37 ಎಂದು ಕಂಡಾಗ, ನಿಮ್ಮ ತಖ್ತೆಯಲ್ಲಿ 33 ಇದ್ದಾಗ. ತಾಳೆ ಆಯಿತೋ ಇಲ್ಲವೋ ಎನ್ನುವುದಕ್ಕಿಂತ ಮೆಷಿನ್ ಅಂಕಿ ಬಿಲ್ಲಿಗೆ ಹೊಂದುತ್ತದೋ ಎಂದು ನೋಡುವುದು ಉತ್ತಮ.

ಕಾನೂನಿನ ಮಾತು ಅರ್ಧ ಸರಿ. ಕಂಪನಿ ಕಾಯ್ದೆ 2013ರಲ್ಲಿ ಹಣಕಾಸು ತಖ್ತೆಗಳ ಜೊತೆ ಬರುವುದು ಕ್ಯಾಶ್ ಫ್ಲೋ. ಅದರಲ್ಲಿಯೂ ಸಣ್ಣ ಕಂಪನಿಗೆ, ಏಕವ್ಯಕ್ತಿ ಕಂಪನಿಗೆ ವಿನಾಯಿತಿ ಇದೆ. ಇವರದ್ದು ಪಾಲುದಾರಿಕೆ. ಇಲ್ಲಿ ಕೇಳುತ್ತಿರುವುದು ಕಾನೂನಲ್ಲ, ಬ್ಯಾಂಕು.

ಕಾರ್ಕಳ_ಲೆಕ್ಕ · ಜೂನ್ 15, ಬೆಳಿಗ್ಗೆ 11:15

ರಿಜಿಸ್ಟರ್ ನೋಡಿದೆ ಸಾರ್. ಬಾಯ್ಲರ್ 4 ಲಕ್ಷವೇ ಇತ್ತು. ಕಟ್ಟಿಂಗ್ ಮೆಷಿನ್, ಬೋರ್ಮಾ, ಹೊಸ ಬಾಯ್ಲರ್ ಮೂರರ ಬಿಲ್ಲು ಸೇರಿ 37. ತುಂಬ ಉಪಕಾರ.

ಈಗ ನಿಜವಾದ ತಲೆನೋವು. ಕ್ಯಾಶ್ ಫ್ಲೋ ಕೂಡ ಮಾಡಿದೆ. ವರ್ಷದಲ್ಲಿ ಕೊಟ್ಟ ಬಡ್ಡಿ 12.

ಲಾಭ 21 + ಸವಕಳಿ 11 + ನಷ್ಟ 1 + ಬಡ್ಡಿ 12 = 45. ದಾಸ್ತಾನು ಹೆಚ್ಚಿದ್ದು 28, ಗಿರಾಕಿ ಬಾಕಿ ಹೆಚ್ಚಿದ್ದು 11, ಖರ್ಚು ಬಾಕಿ ಇಳಿದದ್ದು 1, ಬೀಜದ ಬಾಕಿ ಹೆಚ್ಚಿದ್ದು 6. ಒಟ್ಟು 34 ಕಳೆದರೆ ಕಾರ್ಯಾಚರಣೆಯಿಂದ 11.
ಹೂಡಿಕೆ: 37 ಹೋಯಿತು, 3 ಬಂತು, ಹಾಗಾಗಿ ಮೈನಸ್ 34.
ಹಣ ಒದಗಣೆ: ಸಾಲ 25, ಸಿಸಿ 28 ಬಂತು. ಕಂತು 13, ಡ್ರಾಯಿಂಗ್ಸ್ 12, ಬಡ್ಡಿ 12 ಹೋಯಿತು. ಪ್ಲಸ್ 16.
11 − 34 + 16 = −7. ನಗದು 12ರಿಂದ 5. ತಾಳೆ ಉಂಟು.

ಇದನ್ನು ನೋಡಿ ಬ್ಯಾಂಕಿನವರು ಹೇಳಿದ್ದು: "ಕಾರ್ಯಾಚರಣೆಯಿಂದ 11 ಬಂದಿದೆ, ಮೆಷಿನ್‌ಗೆ 34 ಹೋಗಿದೆ, ಸಿಸಿ 28 ಏರಿದೆ. ಸಿಸಿ ದುಡ್ಡನ್ನು ಮೆಷಿನ್‌ಗೆ ಹಾಕಿದ್ದೀರಿ." ಫಂಡ್ ಫ್ಲೋ ನೋಡಿದರೆ ಒಂದೇ ಲಕ್ಷ ಕಡಿಮೆ. ಒಂದೇ ವರ್ಷದ ಒಂದೇ ಪುಸ್ತಕ, ಯಾವುದು ಸತ್ಯ?

ಉಡುಪಿ_ನಿವೃತ್ತ_ಬ್ಯಾಂಕ್ · ಮಧ್ಯಾಹ್ನ 3:30

ನೋಡಮ್ಮ, ಎರಡೂ ಸತ್ಯ. ಗೆರೆ ಎಳೆದ ಜಾಗ ಬೇರೆ.

ಕ್ಯಾಶ್ ಫ್ಲೋ ಗೆರೆ ಎಳೆಯುವುದು ನಗದಿನ ಸುತ್ತ. ಕ್ಯಾಶ್ ಬಾಕ್ಸ್ ಮತ್ತು ಕರೆಂಟ್ ಖಾತೆ ಒಳಗೆ, ಉಳಿದದ್ದೆಲ್ಲ ಹೊರಗೆ. ಹಾಗಾಗಿ ಗೋದಾಮಿನ ಬೀಜವೂ ಅದಕ್ಕೆ ಹೊರಗಿನದ್ದು, ಸಿಸಿಯೂ ಹೊರಗಿನದ್ದು. ಫಂಡ್ ಫ್ಲೋ ಗೆರೆಯನ್ನು ಇನ್ನೂ ಆಚೆ ಎಳೆಯುತ್ತದೆ. ನಗದು, ಬೀಜ, ಗಿರಾಕಿ ಬಾಕಿ, ಸಿಸಿ, ಬೀಜ ಕೊಟ್ಟವರ ಬಾಕಿ, ಇವೆಲ್ಲ ಗೆರೆಯ ಒಳಗೆ ಒಂದು ಕೊಟ್ಟಿಗೆಯಲ್ಲಿರುವ ಹಾಗೆ. ಒಳಗೊಳಗೇ ಒಂದು ಇನ್ನೊಂದಾದರೆ ಅದಕ್ಕೆ ಲೆಕ್ಕವಿಲ್ಲ. ಗೆರೆ ದಾಟಿ ಒಳಗೆ ಬಂದದ್ದು ಮೂಲ, ದಾಟಿ ಹೊರಗೆ ಹೋದದ್ದು ವಿನಿಯೋಗ.

ಈಗ ನಿಮ್ಮ ಅಂಕಿಗೆ ಬನ್ನಿ. ಗೆರೆಯ ಹೊರಗೆ, ಅಂದರೆ ದೀರ್ಘಾವಧಿ ಕಡೆ, ಬಂದದ್ದು 61, ಹೋದದ್ದು 62. ಮೆಷಿನ್, ಡ್ರಾಯಿಂಗ್ಸ್, ಕಂತು ಈ ಮೂರಕ್ಕೂ ಬೇಕಾದ ದುಡ್ಡು ದೀರ್ಘಾವಧಿ ಮೂಲಗಳಿಂದಲೇ ಬಂದಿದೆ, ಒಂದು ಲಕ್ಷ ಮಾತ್ರ ಕೊರತೆ. ಗೆರೆಯ ಒಳಗೆ ನೋಡಿ. ದಾಸ್ತಾನಿಗೆ 28, ಗಿರಾಕಿಗಳಿಗೆ 11, ಖರ್ಚಿನ ಬಾಕಿ ತೀರಿಸಲು 1, ಒಟ್ಟು 40 ಬೇಕಾಯಿತು. ಬಂದದ್ದು ಸಿಸಿಯಿಂದ 28, ಬೀಜದವರ ಬಾಕಿಯಿಂದ 6, ಕೈಯಲ್ಲಿದ್ದ ನಗದಿನಿಂದ 7, ಒಟ್ಟು 41. ಆ 41ರಲ್ಲಿ 40 ದುಡಿಯುವ ಬಂಡವಾಳಕ್ಕೇ ಹೋಗಿದೆ. ಗೆರೆ ದಾಟಿ ಹೊರಗೆ ಹೋದದ್ದು ಒಂದು ಲಕ್ಷ.

ಹಾಗಾಗಿ "ಸಿಸಿ ದುಡ್ಡಿನಲ್ಲಿ ಮೆಷಿನ್" ಎನ್ನುವ ಮಾತು ಈ ಅಂಕಿಗಳ ಮೇಲೆ ನಿಲ್ಲುವುದಿಲ್ಲ. ಸಿಸಿ ಏರಿದ್ದು ಬೀಜ ಮತ್ತು ಉದ್ರಿಯಿಂದ. ಕ್ಯಾಶ್ ಫ್ಲೋ ಒಂದನ್ನೇ ಇಟ್ಟುಕೊಂಡು ಯಾವ ರೂಪಾಯಿ ಯಾವ ರೂಪಾಯಿಗೆ ಸಂದಿತು ಎಂದು ಹೇಳಲಾಗುವುದಿಲ್ಲ. ಅದು ಮೂರು ಗುಂಪು ಮಾಡುತ್ತದೆ, ಆದರೆ ಹಣ ಒದಗಣೆಯ ಗುಂಪಿನಲ್ಲಿ ಟರ್ಮ್ ಲೋನ್ ಮತ್ತು ಸಿಸಿ ಒಟ್ಟಿಗೆ ಕೂತುಬಿಡುತ್ತವೆ. ಬ್ಯಾಂಕು ಕೇಳುವ ಪ್ರಶ್ನೆ ಅವೆರಡರ ನಡುವಿನದ್ದು. ಸಿಎಂಎಯಲ್ಲಿ ಇಂದಿಗೂ ಫಂಡ್ ಫ್ಲೋ ಉಳಿದಿರುವುದು ಅದಕ್ಕೇ.

ಬಿಕಾಂ_ಕೊನೆ_ವರ್ಷ · ಸಂಜೆ 5:10

ಸರ್ ನನಗೆ ಪರೀಕ್ಷೆ ಉಂಟು, ಒಂದು ಡೌಟ್. ಗಿರಾಕಿಯಿಂದ ಬಾಕಿ ವಸೂಲಾದರೆ ದುಡ್ಡು ಬಂದ ಹಾಗೆ ಅಲ್ವಾ? ಅದು ಫಂಡ್ ಫ್ಲೋನಲ್ಲಿ ಮೂಲ ಆಗಬೇಕಲ್ಲ. ನಾನು ಹಾಗೆ ಬರೆದದ್ದಕ್ಕೆ ಲೆಕ್ಚರರ್ ತಪ್ಪು ಹಾಕಿದ್ದಾರೆ. ಮತ್ತೆ ಪ್ರಸ್ತಾವಿತ ಡಿವಿಡೆಂಡ್ ಚಾಲ್ತಿ ಜವಾಬ್ದಾರಿಯಾ ಅಲ್ವಾ?

ಕೊಡಿಯಾಲಬೈಲ್_ಆಡಿಟ್ · 6:00

ತಪ್ಪು ಹಾಕಿದ್ದು ಸರಿಯೇ ತಮ್ಮಾ. ಗಿರಾಕಿ 5 ಲಕ್ಷ ಕೊಟ್ಟರೆ ಬಾಕಿ 5 ಇಳಿಯಿತು, ನಗದು 5 ಏರಿತು. ಎರಡೂ ಗೆರೆಯ ಒಳಗಿನವು, ದುಡಿಯುವ ಬಂಡವಾಳ ಅಷ್ಟೇ ಇದೆ. ಹಾಗಾಗಿ ಫಂಡ್ ಫ್ಲೋಗೆ ಅದು ಕಾಣುವುದೇ ಇಲ್ಲ. ಕ್ಯಾಶ್ ಫ್ಲೋನಲ್ಲಿ ಮಾತ್ರ ಕಾಣುತ್ತದೆ. ಒಂದು ವ್ಯವಹಾರ ಎದುರಿಗೆ ಬಂದಾಗ ಅದು ಮುಟ್ಟಿದ ಎರಡು ಖಾತೆಗಳನ್ನು ಬರೆಯಿರಿ. ಎರಡೂ ಚಾಲ್ತಿ ಆದರೆ ಫಂಡ್ ಇಲ್ಲ, ಎರಡೂ ಚಾಲ್ತಿಯೇತರ ಆದರೂ ಪರೀಕ್ಷೆಯ ಲೆಕ್ಕದಲ್ಲಿ ದುಡಿಯುವ ಬಂಡವಾಳ ಬದಲಾಗುವುದಿಲ್ಲ. ಒಂದು ಒಳಗೆ ಒಂದು ಹೊರಗೆ ಇದ್ದರೆ ಮಾತ್ರ ಹರಿವು.

ಡಿವಿಡೆಂಡ್ ವಿಷಯ: 2016ರಲ್ಲಿ ಲೆಕ್ಕಪತ್ರ ಮಾನದಂಡ ಎಎಸ್ 4 ಬದಲಾದ ಮೇಲೆ, ವರ್ಷ ಮುಗಿದ ನಂತರ ಘೋಷಿಸಿದ ಡಿವಿಡೆಂಡನ್ನು ಆ ವರ್ಷದ ಜವಾಬ್ದಾರಿಯಾಗಿ ಬರೆಯುವಂತಿಲ್ಲ. ಹಳೆಯ ಮಾದರಿ ಲೆಕ್ಕಗಳಲ್ಲಿ ಅದು ಅಡಾವೆ ಪತ್ರಿಕೆಯಲ್ಲೇ ಕೂತಿರುತ್ತದೆ. ಪ್ರಶ್ನೆಯಲ್ಲಿ ಹಾಗೆ ಕೊಟ್ಟಿದ್ದರೆ ನೀವು ಹೇಗೆ ಭಾವಿಸಿದಿರಿ ಎಂದು ಒಂದು ಸಾಲು ಬರೆದು ಮುಂದುವರಿಯಿರಿ.

ಕಾರ್ಕಳದವರಿಗೂ ಒಂದು ಎಚ್ಚರಿಕೆ. ಫಂಡ್ ಫ್ಲೋನ 33 ಮತ್ತು ಕ್ಯಾಶ್ ಫ್ಲೋನ 11, ಈ ಎರಡನ್ನು ನೇರ ಪಕ್ಕಪಕ್ಕ ಇಡಬೇಡಿ. 33 ಬಡ್ಡಿ ಕಳೆದ ಮೇಲಿನದ್ದು. 11 ಬಡ್ಡಿಗೆ ಮುಂಚಿನದ್ದು, ಬಡ್ಡಿ 12 ಕೆಳಗೆ ಹಣ ಒದಗಣೆಯಲ್ಲಿ ಹೋಗಿದೆ. ಸಮಕ್ಕೆ ತಂದರೆ 33ರಿಂದ 34 ಕಳೆದು ಮೈನಸ್ 1. ಬಡ್ಡಿ ಕಟ್ಟಿದ ಮೇಲೆ ಈ ವರ್ಷದ ವ್ಯವಹಾರ ಕೈಗೆ ನಗದು ಕೊಟ್ಟಿಲ್ಲ, ಬದಲಿಗೆ 1 ಲಕ್ಷ ತಿಂದಿದೆ. ಫಂಡ್ ಫ್ಲೋ ಇದನ್ನು ನಿಮಗೆ ಹೇಳುವುದೇ ಇಲ್ಲ. ಕ್ಯಾಶ್ ಫ್ಲೋ ಬೇಕಾಗುವುದು ಇದಕ್ಕೆ.

ಮಲ್ಪೆ_ಬೋಟು · ರಾತ್ರಿ 7:45

ಮಾರಾಯ್ರೆ ನಮ್ಮದೊಂದು ಕೇಳಿ. ಟ್ರಾಲ್ ಬೋಟು, ಟರ್ಮ್ ಲೋನ್ ಉಂಟು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ಬಂದ್. ಕಂತು ಮಾತ್ರ ಬಂದ್ ಇಲ್ಲ. ಬಲೆ ರಿಪೇರಿ, ಇಂಜಿನ್ ಕೆಲಸ ಎಲ್ಲ ಇದೇ ಹೊತ್ತಿಗೆ. ಈ ಫಂಡ್ ಫ್ಲೋ ಮಾಡಿಕೊಟ್ಟರೆ ಎರಡು ತಿಂಗಳಿಗೆ ಎಷ್ಟು ದುಡ್ಡು ತೆಗೆದಿಡಬೇಕು ಅಂತ ಗೊತ್ತಾಗುತ್ತದಾ?

ಉಡುಪಿ_ನಿವೃತ್ತ_ಬ್ಯಾಂಕ್ · 8:30

ಗೊತ್ತಾಗುವುದಿಲ್ಲ ಅಣ್ಣ. ಇಲ್ಲಿ ಮಾತಾಡುತ್ತಿರುವ ಎರಡೂ ತಖ್ತೆ ಹಿಂದಿನ ವರ್ಷ ಮುಗಿದ ಮೇಲೆ ಮಾರ್ಚ್ 31ರಿಂದ ಮಾರ್ಚ್ 31ಕ್ಕೆ ನೋಡುವಂಥವು. ನಿಮಗೆ ಬೇಕಾದ್ದು ತಿಂಗಳವಾರು ನಗದು ಅಂದಾಜು. ಹನ್ನೆರಡು ಅಂಕಣ ಎಳೆಯಿರಿ. ಪ್ರತಿ ತಿಂಗಳು ಮೀನು ಮಾರಿ ಬರುವುದು, ಡೀಸೆಲ್, ಮಂಜುಗಡ್ಡೆ, ಕೆಲಸದವರ ಪಾಲು, ಕಂತು. ಜೂನ್-ಜುಲೈ ಅಂಕಣದಲ್ಲಿ ಬರುವುದು ಸೊನ್ನೆ. ಎಲ್ಲಿ ಮೊತ್ತ ಮೈನಸ್ ಆಗುತ್ತದೋ ಅಷ್ಟು ಮೇ ಕೊನೆಯಲ್ಲಿ ಕೈಯಲ್ಲಿರಬೇಕು. ಅದನ್ನು ತೋರಿಸಿ ಕಂತಿನ ತಾರೀಕನ್ನು ಸೀಸನ್‌ಗೆ ಹೊಂದಿಸಿಕೊಡಲು ಶಾಖೆಯಲ್ಲಿ ಅರ್ಜಿ ಕೊಡಬಹುದು. ಮಂಜೂರು ಮಾಡುವುದು ಬಿಡುವುದು ಅವರಿಗೆ ಸೇರಿದ್ದು.

ಗೇರು ಕಾರ್ಖಾನೆಗೂ ಇದೇ ಮಿತಿ ಉಂಟು. ನಮ್ಮ ಕರಾವಳಿಯ ಬೀಜ ಬರುವುದು ಫೆಬ್ರವರಿಯಿಂದ ಮೇ ನಡುವೆ. ಮಾರ್ಚ್ 31 ಅಂದರೆ ಗೋದಾಮು ತುಂಬುವ ಹೊತ್ತು. ಮೇ ಕೊನೆಗೆ ಸಿಸಿ ಎಷ್ಟಕ್ಕೆ ಹೋಗಿತ್ತು ಎನ್ನುವುದು ಎರಡೂ ತಖ್ತೆಯಲ್ಲಿ ಸಿಗುವುದಿಲ್ಲ.

ಹಂಪನಕಟ್ಟೆ_ಟ್ಯಾಕ್ಸ್ · 9:15

ಬಾಯ್ಲರ್ ವಿಷಯದಲ್ಲಿ ನಾನು ಹೇಳಿದ್ದು ತಪ್ಪು, ಒಪ್ಪಿದೆ. ಆದರೆ ಮೆಷಿನ್ ಮಾತಿಗೆ ಒಪ್ಪಲಾರೆ. ಕೈಗೆ ಬಂದ ನಗದು 11, ಅದೂ ಬಡ್ಡಿಗೆ ಮುಂಚೆ. 37ರ ಮೆಷಿನ್‌ಗೆ ಸಾಲ 25. ಉಳಿದ 12 ಎಲ್ಲಿಂದ ಬಂತು? ನಿಧಿ 33 ಬಂದಿದೆ ಎನ್ನುತ್ತೀರಿ, ಆದರೆ ಆ 33 ಬೀಜದ ಚೀಲದಲ್ಲಿ ಕೂತಿದೆ. ಚೀಲ ಕೊಟ್ಟು ಯಾರೂ ಮೆಷಿನ್ ಕೊಡುವುದಿಲ್ಲ. ದಿನದ ಲೆಕ್ಕದಲ್ಲಿ ಚೆಕ್ ಹೋದದ್ದು ಸಿಸಿ ಖಾತೆಯಿಂದಲೇ.

ಕೊಡಿಯಾಲಬೈಲ್_ಆಡಿಟ್ · 10:05

ಪ್ರಶ್ನೆ ತುಂಬಾ ಒಳ್ಳೆಯದು. ಅದಕ್ಕೆ ಮೊದಲು ಒಂದು ವಿಷಯ ಕೇಳಬೇಕು. ಆ 25 ನಿಮ್ಮ ಖಾತೆಗೆ ಬಂತೋ, ಅಥವಾ ಬ್ಯಾಂಕು ನೇರ ಮೆಷಿನ್ ಕಂಪನಿಗೆ ಕಳುಹಿಸಿತೋ? ಟರ್ಮ್ ಲೋನ್‌ನಲ್ಲಿ ಸಾಮಾನ್ಯವಾಗಿ ನೇರ ಮಾರಾಟಗಾರನಿಗೇ ಹೋಗುತ್ತದೆ.

ನೇರ ಹೋಗಿದ್ದರೆ ಕ್ಯಾಶ್ ಫ್ಲೋ ಬರೆಯುವುದು ಹೇಗೆ ಎಂಬ ಬಗ್ಗೆ ನಮ್ಮಲ್ಲೇ ಎರಡು ಅಭಿಪ್ರಾಯ ಉಂಟು. ನಗದು ಬಳಸದ ಹೂಡಿಕೆ ಮತ್ತು ಸಾಲದ ವ್ಯವಹಾರಗಳನ್ನು ಕ್ಯಾಶ್ ಫ್ಲೋದಿಂದ ಹೊರಗಿಡಬೇಕು ಎಂದು ಎಎಸ್ 3 ಹೇಳುತ್ತದೆ. ಆ ಪ್ರಕಾರ ಮೆಷಿನ್‌ಗೆ ಹೋದ ನಗದು 12 ಮಾತ್ರ. ಹೂಡಿಕೆ ಮೈನಸ್ 34ರ ಬದಲು ಮೈನಸ್ 9, ಹಣ ಒದಗಣೆ ಪ್ಲಸ್ 16ರ ಬದಲು ಮೈನಸ್ 9. 11 − 9 − 9, ಮತ್ತೆ ಅದೇ ಮೈನಸ್ 7. ಆದರೆ ಓದಿದರೆ ಪೂರ್ತಿ ಬೇರೆ ಸಂಸ್ಥೆಯ ಹಾಗೆ ಕಾಣುತ್ತದೆ. ನನ್ನ ಒಲವು ಈ ಕಡೆಗೆ, ಜೊತೆಗೆ 25ರ ಬಗ್ಗೆ ಟಿಪ್ಪಣಿ ಹಾಕಿ.

ಫಂಡ್ ಫ್ಲೋನಲ್ಲಿ ಈ ಗೊಂದಲ ಇಲ್ಲ. ಅಲ್ಲಿ ಮೂಲದಲ್ಲಿ 25, ವಿನಿಯೋಗದಲ್ಲಿ 37 ಎರಡೂ ಪೂರ್ತಿ ಕಾಣಬೇಕು, ದುಡ್ಡು ನಿಮ್ಮ ಕೈ ಮುಟ್ಟಿರಲಿ ಬಿಡಲಿ.

ಉಡುಪಿ_ನಿವೃತ್ತ_ಬ್ಯಾಂಕ್ · ಜೂನ್ 16, ಬೆಳಿಗ್ಗೆ 7:50

ನಾನು ಈ ವಿಷಯದಲ್ಲಿ ನಿಮ್ಮ ಜೊತೆ ಇಲ್ಲ ಸಾರ್. ಬ್ಯಾಂಕು ಗ್ರಾಹಕನ ಆದೇಶದ ಮೇಲೆ, ಗ್ರಾಹಕನ ಪರವಾಗಿ ಪಾವತಿ ಮಾಡಿದೆ. ಅದು ಗ್ರಾಹಕನ ನಗದು ಎಂದೇ ನನ್ನ ಅಭಿಪ್ರಾಯ. 37 ಮತ್ತು 25 ಎರಡನ್ನೂ ತೋರಿಸಿದರೆ ಶಾಖೆಯಲ್ಲಿ ಓದುವವನಿಗೆ ಟರ್ಮ್ ಲೋನ್ ಖಾತೆಯ ಜೊತೆ ತಾಳೆ ಹಾಕಲು ಸುಲಭ. ಈ ಭೇದ ಹಾಗೇ ಇರಲಿ.

ಹಂಪನಕಟ್ಟೆಯವರ ಮಾತಿನಲ್ಲಿ ಸತ್ವ ಉಂಟು. ಚೆಕ್ ಸಿಸಿಯಿಂದ ಹೋಗಿರಬಹುದು. ಗಿರಾಕಿಗಳ ದುಡ್ಡು ಬೀಳುವುದೂ ಅದೇ ಖಾತೆಗೆ, ಡ್ರಾಯಿಂಗ್ಸ್ ಹೋಗುವುದೂ ಅಲ್ಲಿಂದಲೇ. ಅದಕ್ಕೇ ಚೆಕ್ ನೋಡಿ ತೀರ್ಮಾನ ಮಾಡುವುದಿಲ್ಲ, ವರ್ಷದ ಕೊನೆಗೆ ದೀರ್ಘಾವಧಿ ಮೂಲ ಎಷ್ಟು, ದೀರ್ಘಾವಧಿ ಉಪಯೋಗ ಎಷ್ಟು ಎಂದು ನೋಡುತ್ತಾರೆ.

ಆದರೆ ಕಾರ್ಕಳದ ಲೆಕ್ಕದಲ್ಲಿ ಒಂದು ತಿದ್ದುಪಡಿ ಬಾಕಿ ಉಂಟು, ಅದು ಅವರ ವಿರುದ್ಧವೇ ಹೋಗುತ್ತದೆ. ಸಿಎಂಎಯಲ್ಲಿ ಟರ್ಮ್ ಲೋನಿನ ಮುಂದಿನ 12 ತಿಂಗಳ ಕಂತನ್ನು ಚಾಲ್ತಿ ಜವಾಬ್ದಾರಿಗೆ ಹಾಕಬೇಕು. ನೀವು 40, 52 ಪೂರ್ತಿ ದೀರ್ಘಾವಧಿಯಲ್ಲಿ ಇಟ್ಟಿದ್ದೀರಿ. 2024ರ ಮಾರ್ಚ್‌ನಲ್ಲಿ ಮುಂದಿನ ವರ್ಷದ ಕಂತು 13 ಇತ್ತು, ಅದನ್ನೇ ನೀವು ಕಟ್ಟಿದ್ದು. 2025ರ ಮಾರ್ಚ್‌ನಲ್ಲಿ ಎಷ್ಟು?

ಕಾರ್ಕಳ_ಲೆಕ್ಕ · 9:40

ಹೊಸ ಸಾಲದ್ದೂ ಸೇರಿ 16 ಸಾರ್. 25 ಲಕ್ಷ ನೇರ ಮೆಷಿನ್‌ನವರಿಗೇ ಹೋಗಿದೆ, ಉಳಿದ 12 ಸಿಸಿಯಿಂದ ಆರ್‌ಟಿಜಿಎಸ್.

ಉಡುಪಿ_ನಿವೃತ್ತ_ಬ್ಯಾಂಕ್ · 10:30

ಹಾಗಾದರೆ ದೀರ್ಘಾವಧಿ ಸಾಲ 27ರಿಂದ 36. ಹೊಸದಾಗಿ 25 ಬಂತು, 16 ಚಾಲ್ತಿಗೆ ಇಳಿಯಿತು. ವಿನಿಯೋಗದಲ್ಲಿ ಕಂತು 13ರ ಜಾಗದಲ್ಲಿ 16 ಬರುತ್ತದೆ. ಮೂಲ 61, ವಿನಿಯೋಗ 65. ಕೊರತೆ ಈಗ 1 ಅಲ್ಲ, 4. ದುಡಿಯುವ ಬಂಡವಾಳವೂ 17ರಿಂದ 13ಕ್ಕೆ ಇಳಿಯುತ್ತದೆ.

ಸಿಎಂಎಯ 6ನೇ ನಮೂನೆ ಇದನ್ನು ಹೀಗೆ ಕೊನೆ ಮುಟ್ಟಿಸುತ್ತದೆ. ದೀರ್ಘಾವಧಿ ಕೊರತೆ 4. ಚಾಲ್ತಿ ಆಸ್ತಿ 120ರಿಂದ 152, ಅಂದರೆ 32 ಏರಿದೆ. ಬ್ಯಾಂಕ್ ಸಾಲ ಬಿಟ್ಟು ಉಳಿದ ಚಾಲ್ತಿ ಜವಾಬ್ದಾರಿ, ಕಂತನ್ನೂ ಸೇರಿಸಿ, 43ರಿಂದ 51, ಅಂದರೆ 8 ಏರಿದೆ. 32ರಲ್ಲಿ 8 ಕಳೆದರೆ 24, ಅದಕ್ಕೆ ಕೊರತೆ 4 ಸೇರಿಸಿದರೆ 28. ಕೊನೆಯ ಸಾಲು ಬ್ಯಾಂಕ್ ಸಾಲದ ಏರಿಕೆ, ಅದೂ 28. ಹೊಂದಿತು.

ಈಗ ಬ್ಯಾಂಕಿನವರಿಗೆ ನೇರವಾಗಿ ಬರೆದುಕೊಡಿ: ಸಿಸಿಯ 28ರಲ್ಲಿ 24 ದಾಸ್ತಾನು ಮತ್ತು ಉದ್ರಿಗೆ, 4 ದೀರ್ಘಾವಧಿಗೆ. ಆ 4ಕ್ಕೆ ಮೆಷಿನ್ ಕಾರಣವೋ ಡ್ರಾಯಿಂಗ್ಸ್ ಕಾರಣವೋ ಎಂದು ಯಾರೂ ಬೆರಳು ಮಾಡಿ ತೋರಿಸಲಾಗದು. ಆದರೆ ಡ್ರಾಯಿಂಗ್ಸ್ 12ರ ಬದಲು 8 ಆಗಿದ್ದರೆ ಕೊರತೆ ಸೊನ್ನೆ ಆಗುತ್ತಿತ್ತು, ಪಾಲುದಾರರಿಗೆ ಅದನ್ನು ಹೇಳಿ.

ಕರೆಂಟ್ ರೇಶಿಯೋ ಕೂಡ ನೋಡಿಕೊಳ್ಳಿ. ಕಂತು ಸೇರಿಸದೆ 1.33 ಇದ್ದದ್ದು 1.24ಕ್ಕೆ ಬಂದಿದೆ. ಸೇರಿಸಿದರೆ 1.17 ಇದ್ದದ್ದು 1.09. ನೀವು ಯಾವುದನ್ನು ಕೊಟ್ಟರೂ ಶಾಖೆಯವರು ಎರಡನೆಯದನ್ನು ಲೆಕ್ಕ ಹಾಕುವ ಸಾಧ್ಯತೆಯೇ ಹೆಚ್ಚು.

ಹಂಪನಕಟ್ಟೆ_ಟ್ಯಾಕ್ಸ್ · 11:20

ಸರಿ, 4 ಲಕ್ಷಕ್ಕೆ ನಾನು ಇಳಿದೆ. ಆದರೆ ದಾಸ್ತಾನು 70ರಿಂದ 98 ಯಾಕೆ ಹೋಯಿತು? ಮಾರಾಟವೂ ಅಷ್ಟೇ ಏರಿದೆಯಾ?

ಕಾರ್ಕಳ_ಲೆಕ್ಕ · ಮಧ್ಯಾಹ್ನ 12:50

ಮಾರಾಟ 410ರಿಂದ 440. ಅಂದರೆ ಶೇಕಡಾ 7ರಷ್ಟು. ದಾಸ್ತಾನು ಶೇಕಡಾ 40 ಏರಿದೆ, ನನಗೂ ಈಗಲೇ ಹೊಳೆದದ್ದು. ಇದರಲ್ಲಿ ಎಷ್ಟು ಬೀಜ, ಎಷ್ಟು ತಿರುಳು ಎಂದು ಬೇರೆ ಮಾಡಬೇಕು. ಡಬ್ಲ್ಯು 320 ದರ್ಜೆಯ ಇಡೀ ತಿರುಳು ಹೋಗ್ತಾ ಉಂಟು, ತುಂಡು ಉಳಿದಿದೆ ಎಂದು ಗೋದಾಮಿನವರು ಹೇಳುತ್ತಾರೆ. ಚೀಲ, ಟಿನ್ ಲೆಕ್ಕ ತೆಗೆದು ಹೇಳ್ತೇನೆ.

ಇನ್ನೊಂದು. ಬ್ಯಾಂಕಿನವರು ಡಿಪಿ, ಅಂದರೆ ಡ್ರಾಯಿಂಗ್ ಪವರ್, ಮೀರಿದೆ ಎಂದೂ ಹೇಳಿದ್ದಾರೆ. ಲಿಮಿಟ್ 90, ನಾವು ತೆಗೆದದ್ದು 88. ಮೀರಿದ್ದು ಹೇಗೆ?

ಉಡುಪಿ_ನಿವೃತ್ತ_ಬ್ಯಾಂಕ್ · 2:15

ಲಿಮಿಟ್ ಮಂಜೂರಾದ ಮೊತ್ತ, ಡಿಪಿ ಆ ತಿಂಗಳು ತೆಗೆಯಬಹುದಾದ ಮೊತ್ತ. ಎರಡರಲ್ಲಿ ಯಾವುದು ಕಡಿಮೆಯೋ ಅದು ನಿಮ್ಮದು. ನಿಮ್ಮ ಮಂಜೂರಾತಿ ಪತ್ರದಲ್ಲಿ ಮಾರ್ಜಿನ್ ಎಷ್ಟು ಎಂದು ನೋಡಿ. ಎರಡಕ್ಕೂ 25 ಪರ್ಸೆಂಟ್ ಎಂದು ಇಟ್ಟುಕೊಂಡು ಲೆಕ್ಕ ಹಾಕುತ್ತೇನೆ.

2024ರಲ್ಲಿ: ದಾಸ್ತಾನು 70ರಲ್ಲಿ ದುಡ್ಡು ಕೊಡದ 25 ಕಳೆದರೆ 45, ಅದರ ಮುಕ್ಕಾಲು 33.75. ಗಿರಾಕಿ ಬಾಕಿ 38ರ ಮುಕ್ಕಾಲು 28.5. ಡಿಪಿ 62.25. ಸಿಸಿ 60, ಒಳಗೇ ಇತ್ತು.

2025ರಲ್ಲಿ: 98ರಲ್ಲಿ 31 ಕಳೆದು 67, ಅದರ ಮುಕ್ಕಾಲು 50.25. ಬಾಕಿ 49ರ ಮುಕ್ಕಾಲು 36.75. ಡಿಪಿ 87. ಸಿಸಿ 88. ಒಂದು ಲಕ್ಷ ಹೊರಗೆ.

ಇಲ್ಲಿ ಫಂಡ್ ಫ್ಲೋನ ಕೊರತೆ ಕಣ್ಣಿಗೆ ಕಾಣುವಂತೆ ಬರುತ್ತದೆ. ದಾಸ್ತಾನು ಮತ್ತು ಬಾಕಿಯ ಮುಕ್ಕಾಲು ಪಾಲಿಗೆ ಮಾತ್ರ ಬ್ಯಾಂಕು ಸಾಲ ಕೊಡುತ್ತದೆ, ಉಳಿದ ಕಾಲು ಪಾಲು ನಿಮ್ಮ ದೀರ್ಘಾವಧಿ ದುಡ್ಡಿನಿಂದ ಬರಬೇಕು. ಈ ವರ್ಷ ದೀರ್ಘಾವಧಿಯಲ್ಲಿ ಉಳಿಕೆಯೇ ಇಲ್ಲ, ಮೇಲಿಂದ 4 ಕೊರತೆ. ದಾಸ್ತಾನು ಏರಿದಾಗ ಆ ಕಾಲು ಪಾಲು ತುಂಬಲು ಕೈಯಲ್ಲಿದ್ದ 7 ಲಕ್ಷ ನಗದು ಕರಗಿತು. ಅಷ್ಟಾದರೂ ಒಂದು ಲಕ್ಷ ಸಾಲದೆ ಬಂತು.

ಒಂದು ಪ್ರಶ್ನೆ ನೀವೇ ಉತ್ತರಿಸಬೇಕು. 49ರಲ್ಲಿ 90 ದಿನ ದಾಟಿದ ಬಾಕಿ ಎಷ್ಟು? ಹೆಚ್ಚಿನ ಮಂಜೂರಾತಿಗಳಲ್ಲಿ ಅದು ಡಿಪಿಗೆ ಸೇರುವುದಿಲ್ಲ.

ಕಾರ್ಕಳ_ಲೆಕ್ಕ · ಸಂಜೆ 6:25

ಬಿಲ್ಲುವಾರು ತೆಗೆದೆ ಸಾರ್. 90 ದಿನ ದಾಟಿದ್ದು 9 ಲಕ್ಷ, ಎಲ್ಲ ಒಬ್ಬನೇ ವ್ಯಾಪಾರಿಯದ್ದು. ಮಾರ್ಜಿನ್ 25 ಪರ್ಸೆಂಟೇ, ಪತ್ರದಲ್ಲಿ 90 ದಿನದ ಶರತ್ತೂ ಉಂಟು. ಆಗ ಬಾಕಿ 40, ಮುಕ್ಕಾಲು 30. ಡಿಪಿ 80.25. ಸಿಸಿ 88, ಅಂದರೆ 7.75 ಹೊರಗೆ. ಮಾರ್ಚ್‌ನ ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ ನಾವು 49ನ್ನೂ 90 ದಿನದ ಒಳಗೆ ಎಂದು ತೋರಿಸಿಬಿಟ್ಟಿದ್ದೇವೆ.

ಉಡುಪಿ_ನಿವೃತ್ತ_ಬ್ಯಾಂಕ್ · 7:10

ಅದನ್ನು ಮೊದಲು ಸರಿಪಡಿಸಿ, ಸಿಎಂಎ ಆಮೇಲೆ. ತಿದ್ದಿದ ಸ್ಟೇಟ್‌ಮೆಂಟನ್ನು ಪತ್ರದ ಜೊತೆ ನೀವೇ ಕೊಂಡುಹೋಗಿ ಕೊಡಿ. ಸ್ಟಾಕ್ ಆಡಿಟ್‌ನಲ್ಲಿ ಅವರೇ ಕಂಡುಹಿಡಿದರೆ ಫಂಡ್ ಫ್ಲೋನಲ್ಲಿ ನೀವು ಬರೆದ 24ನ್ನೂ ಯಾರೂ ನಂಬುವುದಿಲ್ಲ. ಆ 9 ಲಕ್ಷ ವಸೂಲಾದರೆ ಸಿಸಿ 79ಕ್ಕೆ ಇಳಿಯುತ್ತದೆ, ಡಿಪಿ 80.25 ಹಾಗೆಯೇ ಇರುತ್ತದೆ, ಒಳಗೆ ಬರುತ್ತೀರಿ. ತುಂಡು ತಿರುಳಿನ ಟಿನ್ ಲೆಕ್ಕ ಸಿಕ್ಕಿದ ಮೇಲೆ ಇಲ್ಲಿ ಹಾಕಿ, ದಾಸ್ತಾನಿನ ಬೆಲೆ ಕಟ್ಟಿದ್ದು ಸರಿಯಾ ಎಂದು ನೋಡೋಣ.